ಐದು ಗಂಟೆಯ ಅಲಾರಂ, ಹದಿನಾರರ ಗಡಿಯಾರ

ನನ್ನ ಮುಂದೆ ಒಂದು ನೋಟ್‌ಬುಕ್ ಇದೆ. ಪಿಯುಸಿ ಮೊದಲ ವರ್ಷದ ಹುಡುಗಿಯೊಬ್ಬಳದು. ಊರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ಕಾಲೇಜು ಚಿಕ್ಕಬಳ್ಳಾಪುರದಲ್ಲಿ. ಫಿಸಿಕ್ಸ್ ನೋಟ್ಸಿನ ಪುಟ ತೆರೆದರೆ ಮೊದಲ ನಾಲ್ಕು ಸಾಲು ಮುತ್ತಿನಂತಿವೆ. ಐದನೇ ಸಾಲಿನ ನಡುವೆ ಒಂದು ಅಕ್ಷರ ಅರ್ಧಕ್ಕೆ ನಿಂತು, ಗೆರೆಯಾಗಿ, ಕೆಳಗೆ ಜಾರಿ ಪುಟದ ಅಂಚು ಮುಟ್ಟಿದೆ. ಆರನೇ ಸಾಲಿನಿಂದ ಮತ್ತೆ ಅದೇ ಮುತ್ತಿನ ಅಕ್ಷರ. ನಡುವೆ ಕಳೆದದ್ದು ಕೆಲವೇ ಸೆಕೆಂಡು ಇರಬಹುದು. ಅಷ್ಟು ಹೊತ್ತು ಅವಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ್ದಳು. ನಿದ್ರಾ ವಿಜ್ಞಾನದಲ್ಲಿ ಇದನ್ನು ಮೈಕ್ರೋಸ್ಲೀಪ್ ಅನ್ನುತ್ತಾರೆ.

ಕ್ಲಾಸು ಶುರುವಾಗುವುದು ಏಳೂವರೆಗೆ. ಅವಳ ಬಸ್ಸು 6:20ಕ್ಕೆ. ಅದಕ್ಕೆ ಅಲಾರಂ ಐದಕ್ಕೆ. ನಾನು ಜೀವಶಾಸ್ತ್ರ ಪಾಠ ಮಾಡುವವಳು. ಆರೋಗ್ಯ ಶಿಕ್ಷಣದ ಕೋರ್ಸಿಗೆ ಹದಿಹರೆಯದವರ ನಿದ್ದೆಯ ಬಗ್ಗೆ ಪಾಠ ಸಿದ್ಧ ಮಾಡುತ್ತಿದ್ದಾಗ ಅವಳನ್ನು ಕೇಳಿಕೊಂಡೆ: ಎರಡು ವಾರ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಹೊತ್ತಿಗೆ ಎದ್ದೆ ಅಂತ ಕೊನೆಯ ಪುಟದಲ್ಲಿ ಬರೆದುಕೋ. ಆ ಪುಟವನ್ನೇ ಹಿಡಿದುಕೊಂಡು ಈ ವಿಷಯ ಬಿಡಿಸಿ ಹೇಳುತ್ತೇನೆ. ಯಾಕೆಂದರೆ "ಈಗಿನ ಮಕ್ಕಳು ಮೊಬೈಲ್ ಹಿಡ್ಕೊಂಡು ಮಲಗಲ್ಲ, ಬೆಳಗ್ಗೆ ಏಳಲ್ಲ" ಎಂಬ ಒಂದೇ ಮಾತಿನಲ್ಲಿ ನಾವು ಇದನ್ನು ಮುಗಿಸಿಬಿಡುತ್ತೇವೆ. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಆದರೆ ಮುಖ್ಯವಾದದ್ದು ಬಿಟ್ಟುಹೋಗಿದೆ.

ಮೊದಲು ನಿದ್ದೆ ಬರುವುದು ಹೇಗೆ ಅಂತ ನೋಡೋಣ. ಹಾಸ್ಟೆಲಿನ ಊಟ ನೆನಪಿಸಿಕೊಳ್ಳಿ. ಅಲ್ಲಿ ಊಟಕ್ಕೆ ಎರಡು ಬೇಕು: ನಿಮಗೆ ಹಸಿವಾಗಿರಬೇಕು, ಗಂಟೆಯೂ ಹೊಡೆಯಬೇಕು. ನಿದ್ದೆಯೂ ಹಾಗೇ. ಎದ್ದ ಕ್ಷಣದಿಂದ ನಿದ್ದೆಯ ಹಸಿವು ಸ್ವಲ್ಪಸ್ವಲ್ಪವೇ ಏರುತ್ತಾ ಹೋಗುತ್ತದೆ, ಮಲಗಿದ ಮೇಲೆ ಇಳಿಯುತ್ತದೆ. ಅದರ ಜೊತೆಗೆ ಮೆದುಳಿನೊಳಗೆ ಒಂದು ಗಡಿಯಾರ ಇದೆ. ಈಗ ರಾತ್ರಿ, ಈಗ ಹಗಲು ಅಂತ ಇಡೀ ಮೈಗೆ ಗಂಟೆ ಹೊಡೆಯುವುದು ಅದು. ರಾತ್ರಿಯಾಯಿತು ಎಂದು ಅದು ಸಾರುವ ಹಾರ್ಮೋನು ಮೆಲಟೋನಿನ್. ಹಸಿವು ಮತ್ತು ಗಂಟೆ, ಈ ಎರಡೂ ಸೇರಿದಾಗ ಒಳ್ಳೆಯ ನಿದ್ದೆ ಬರುತ್ತದೆ ಎಂಬ ಮಾದರಿಯನ್ನು 1982ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೆಲಿ ಮುಂದಿಟ್ಟರು. ಇವತ್ತಿಗೂ ಪಾಠ ಶುರುವಾಗುವುದು ಅಲ್ಲಿಂದಲೇ.

ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಈ ಎರಡೂ ಬದಲಾಗುತ್ತವೆ. ಗಡಿಯಾರ ಹಿಂದೆ ಸರಿಯುತ್ತದೆ, ಅಂದರೆ ಮೆಲಟೋನಿನ್ ಏರುವ ಹೊತ್ತು ತಡವಾಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡಾನ್ ಮತ್ತು ಅವರ ಜೊತೆಯವರು ಇದನ್ನು ದಶಕಗಳ ಕಾಲ ಅಳೆದು ತೋರಿಸಿದ್ದಾರೆ. ಮಂದ ಬೆಳಕಿನ ಪ್ರಯೋಗಾಲಯದಲ್ಲಿ, ಮೊಬೈಲು ಟಿವಿ ಯಾವುದರ ಕಾಟವೂ ಇಲ್ಲದ ಕಡೆ ಜೊಲ್ಲಿನಲ್ಲಿ ಮೆಲಟೋನಿನ್ ಅಳೆದರೂ ಈ ಸರಿಯುವಿಕೆ ಕಾಣುತ್ತದೆ. ಜೊತೆಗೆ ನಿದ್ದೆಯ ಹಸಿವು ಏರುವ ವೇಗವೂ ಕಡಿಮೆಯಾಗುತ್ತದೆ. ಹತ್ತು ವರ್ಷದ ತಮ್ಮ ಒಂಬತ್ತಕ್ಕೇ ಅನ್ನದ ತಟ್ಟೆಯ ಮುಂದೆ ತೂಕಡಿಸುತ್ತಿದ್ದರೆ, ಹದಿನಾರರ ಅಕ್ಕನಿಗೆ ಹತ್ತೂವರೆಯಾದರೂ ಕಣ್ಣು ಎಳೆಯುವುದಿಲ್ಲ. ಅದು ಹಟ ಅಲ್ಲ.

ಈ ಸರಿಯುವಿಕೆ ಇಪ್ಪತ್ತರ ಆಸುಪಾಸಿನವರೆಗೂ ಮುಂದುವರಿದು, ಆಮೇಲೆ ಗಡಿಯಾರ ನಿಧಾನವಾಗಿ ಮತ್ತೆ ಮುಂದಕ್ಕೆ, ಅಂದರೆ ಬೇಗದ ಕಡೆಗೆ ಬರುತ್ತದೆ. ಮ್ಯೂನಿಕ್‌ನ ಟಿಲ್ ರೋನ್ನೆಬರ್ಗ್ ಅವರ ತಂಡ ಸಾವಿರಾರು ಜನರ ನಿದ್ದೆಯ ಹೊತ್ತನ್ನು ಕಲೆಹಾಕಿ 2004ರಲ್ಲಿ ಇದನ್ನು ತೋರಿಸಿತು. ನಲವತ್ತೈದರ ಅಪ್ಪನಿಗೆ ಐದಕ್ಕೆ ತಾನಾಗಿ ಎಚ್ಚರವಾಗುವುದೂ, ಮಗಳಿಗೆ ಆಗದಿರುವುದೂ ಒಂದೇ ಗಡಿಯಾರದ ಬೇರೆ ಬೇರೆ ವಯಸ್ಸು.

ಈಗ ಆ ಕೊನೆಯ ಪುಟಕ್ಕೆ ಬರೋಣ. ಸೋಮವಾರದಿಂದ ಶನಿವಾರದವರೆಗೆ ಕಾಲೇಜು. ಹೆಚ್ಚುಕಮ್ಮಿ ದಿನವೂ ಒಂದೇ ಕಥೆ: 11:40ಕ್ಕೆ ನಿದ್ದೆ, 5:00ಕ್ಕೆ ಅಲಾರಂ. ಒಂದು ಬುಧವಾರದ ಪಕ್ಕದಲ್ಲಿ 12:10 ಅಂತ ಬರೆದು "ಹುಳಕ್ಕೆ ಸೊಪ್ಪು" ಎಂದು ಸೇರಿಸಿದ್ದಾಳೆ. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳಕ್ಕೆ ರಾತ್ರಿ ಕೊನೆಯ ಸಲ ಸೊಪ್ಪು ಹಾಕದೆ ಯಾರೂ ಮಲಗುವ ಹಾಗಿಲ್ಲ. ಭಾನುವಾರದ ಮುಂದೆ 12:30ರಿಂದ 9:30, ಆಮೇಲೆ ಕಂಸದಲ್ಲಿ "ಅಮ್ಮ ಬೈದರು".

ಲೆಕ್ಕ ಹಾಕೋಣ. 11:40ರಿಂದ 5:00 ಅಂದರೆ 5 ಗಂಟೆ 20 ನಿಮಿಷ. ಆರು ರಾತ್ರಿಗೆ 32 ಗಂಟೆ. ಭಾನುವಾರದ 9 ಗಂಟೆ ಸೇರಿಸಿದರೆ ವಾರಕ್ಕೆ 41. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಕಡಿಮೆ ಅಂದರೆ 8 ಅಂತಲೇ ಹಿಡಿಯೋಣ, ವಾರಕ್ಕೆ 56 ಆಯಿತು. ಇವಳಿಗೆ 15 ಗಂಟೆ ಸಾಲ. ಭಾನುವಾರ ಅಷ್ಟು ಹೊತ್ತು ಮಲಗಿದ ಮೇಲೂ ಉಳಿದ ಸಾಲ ಇದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅವಳ ಮೈಯ ಗಡಿಯಾರ ಎಲ್ಲಿ ನಿಂತಿದೆ ಅಂತ ತಿಳಿಯುವುದು ಹೇಗೆ? ಅಲಾರಂ ಇಲ್ಲದ ದಿನದ ನಿದ್ದೆಯ ನಡುಬಿಂದು ನೋಡಬೇಕು. ಭಾನುವಾರ 12:30ಕ್ಕೆ ಮಲಗಿ 9:30ಕ್ಕೆ ಎದ್ದರೆ ನಡುಬಿಂದು ಬೆಳಗಿನ ಜಾವ 5:00. ಆದರೆ ಅವತ್ತು ಸಾಲ ತೀರಿಸಲು ಜಾಸ್ತಿ ಮಲಗಿದ್ದಾಳೆ ಅಲ್ವಾ, ಅದನ್ನು ಕಳೆಯಬೇಕು. ಏಳೂ ದಿನದ ಸರಾಸರಿ ನಿದ್ದೆ 5 ಗಂಟೆ 51 ನಿಮಿಷ. ಭಾನುವಾರ ಅದಕ್ಕಿಂತ 3 ಗಂಟೆ 9 ನಿಮಿಷ ಹೆಚ್ಚು ಮಲಗಿದ್ದಾಳೆ. ಅದರ ಅರ್ಧ, ಸುಮಾರು 1 ಗಂಟೆ 35 ನಿಮಿಷವನ್ನು 5:00ರಿಂದ ಕಳೆದರೆ 3:25 ಬರುತ್ತದೆ. ಇದು ರೋನ್ನೆಬರ್ಗ್ ತಂಡದವರೇ ಬಳಸುವ ವಿಧಾನ.

3:25ನ್ನು ನಡುವೆ ಇಟ್ಟು, ಆ ಕಡೆ ನಾಲ್ಕು ಗಂಟೆ ಈ ಕಡೆ ನಾಲ್ಕು ಗಂಟೆ ಎಣಿಸಿ. ಅವಳ ಮೈ ಕೇಳುತ್ತಿರುವ ನಿದ್ದೆ ರಾತ್ರಿ 11:25ರಿಂದ ಬೆಳಗ್ಗೆ 7:25ರವರೆಗೆ.

ಈ ಉತ್ತರ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಅವಳು ಮಲಗುತ್ತಿರುವುದು 11:40ಕ್ಕೆ. ತನ್ನ ಗಡಿಯಾರ ಬಿಟ್ಟ ಹೊತ್ತಿಗಿಂತ ಬರೀ ಕಾಲು ಗಂಟೆ ತಡ. ರಾತ್ರಿಯ ಕಡೆ ಕಳೆದುಹೋದ ನಿದ್ದೆ ಹೆಚ್ಚೇನೂ ಇಲ್ಲ. ಕತ್ತರಿ ಬಿದ್ದಿರುವುದು ಬೆಳಗಿನ ತುದಿಗೆ, ಅದೂ 2 ಗಂಟೆ 25 ನಿಮಿಷ.

ಇದು ಅಂದಾಜಿನ ಲೆಕ್ಕ. ಅಮ್ಮ ಬೈದು ಎಬ್ಬಿಸಿದ ಭಾನುವಾರ ನಿಜವಾಗಿ ಅಲಾರಂ ಇಲ್ಲದ ದಿನ ಅಲ್ಲ. ಹಬ್ಬ, ಜಾತ್ರೆ, ಹುಳ ಹಣ್ಣಾಗಿ ಗೂಡು ಕಟ್ಟಲು ತೊಡಗುವ ದಿನಗಳನ್ನೂ ಬಿಟ್ಟು ಲೆಕ್ಕ ಹಾಕಬೇಕು. ಒಂದು ಭಾನುವಾರ ಸಾಲದು, ಮೂರು ನಾಲ್ಕು ಬೇಕು. ಆದರೂ ಅರ್ಧ ಗಂಟೆ ಆಚೀಚೆ ಆದರೂ ಮೇಲಿನ ತೀರ್ಮಾನ ಬದಲಾಗುವುದಿಲ್ಲ.

"ಹಾಗಾದರೆ ಒಂಬತ್ತಕ್ಕೇ ಮಲಗಲಿ" ಎಂದು ಎಲ್ಲ ಪೋಷಕರ ಸಭೆಯಲ್ಲೂ ಒಬ್ಬರಾದರೂ ಹೇಳುತ್ತಾರೆ. ಹೇಳುವವರಿಗೆ ಮಗುವಿನ ಮೇಲೆ ಕಾಳಜಿ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಯಾಕೆ ಆಗುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಕು. ದಿನವೂ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ ಇದೆಯಲ್ಲ, ಇಡೀ ದಿನದಲ್ಲಿ ನಿದ್ದೆ ಬರುವುದು ಅತಿ ಕಷ್ಟವಾದ ಹೊತ್ತು ಅದೇ. ದಿನವಿಡೀ ಸೇರಿದ ನಿದ್ದೆಯ ಹಸಿವನ್ನು ತಡೆದು ನಿಲ್ಲಿಸಲು ಗಡಿಯಾರ ಆಗ ಎಚ್ಚರದ ಗಂಟೆಯನ್ನು ಜೋರಾಗಿ ಬಾರಿಸುತ್ತಿರುತ್ತದೆ. ಇಸ್ರೇಲಿನ ಪೆರೆಟ್ಸ್ ಲಾವೀ 1986ರಲ್ಲಿ ಇದನ್ನು ನಿದ್ದೆಯ ನಿಷಿದ್ಧ ವಲಯ ಎಂದು ಕರೆದರು. 11:25ರ ಹುಡುಗಿಗೆ ಒಂಬತ್ತು ಗಂಟೆ ಆ ವಲಯದೊಳಗೇ ಬರುತ್ತದೆ. ದೀಪ ಆರಿಸಿ ಮಲಗಿಸಿದರೆ ಅವಳು ಕತ್ತಲಲ್ಲಿ ಎರಡು ಗಂಟೆ ಹೊರಳಾಡುತ್ತಾಳೆ. ಹೀಗೆ ನಾಲ್ಕು ದಿನ ನಡೆದರೆ ಹಾಸಿಗೆ ಕಂಡರೇ "ನಂಗೆ ನಿದ್ದೆ ಬರಲ್ಲ" ಎಂಬ ಚಿಂತೆ ಶುರುವಾಗುತ್ತದೆ.

ಬೆಳಗಿನ ತುದಿ ಕತ್ತರಿಸಿದರೆ ಹೋಗುವುದೇನು? ರಾತ್ರಿಯ ನಿದ್ದೆ ಒಂದೇ ಬಗೆಯದಲ್ಲ. ಗಾಢ ನಿದ್ದೆ ಮೊದಲ ಅರ್ಧದಲ್ಲಿ ಹೆಚ್ಚು. ಕನಸಿನ ನಿದ್ದೆ, ಅಂದರೆ ಕಣ್ಣಗುಡ್ಡೆ ರೆಪ್ಪೆಯೊಳಗೆ ಓಡಾಡುವ ಆರ್‌ಇಎಂ ನಿದ್ದೆ, ಕೊನೆಯ ಗಂಟೆಗಳಲ್ಲಿ ಹೆಚ್ಚು. ಐದಕ್ಕೆ ಎಬ್ಬಿಸಿದರೆ ಕಳೆದುಹೋಗುವುದರಲ್ಲಿ ಇದೇ ಜಾಸ್ತಿ. ಕಾರ್ಸ್ಕಡಾನ್ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಒಂಬತ್ತರಿಂದ ಹತ್ತನೇ ತರಗತಿಗೆ ಹೋದಾಗ ಶಾಲೆ 8:25ರ ಬದಲು 7:20ಕ್ಕೆ ಶುರುವಾಗುತ್ತಿತ್ತು. ಹತ್ತನೇ ತರಗತಿಯ ಮಕ್ಕಳನ್ನು ಬೆಳಗ್ಗೆ ಎಂಟೂವರೆಗೆ ಕತ್ತಲ ಕೋಣೆಯಲ್ಲಿ ಮಲಗಿಸಿ ನೋಡಿದರೆ ಸರಾಸರಿ ಐದು ನಿಮಿಷದಲ್ಲಿ ನಿದ್ದೆ ಹೋದರು. ಹಗಲಿನ ಈ ಪರೀಕ್ಷೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳು ಕೆಲವೇ ನಿಮಿಷದಲ್ಲಿ ಕನಸಿನ ನಿದ್ದೆಗೇ ಜಾರಿದರು. ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರುವವರಲ್ಲಿ ಕಾಣುವ ಲಕ್ಷಣ ಇದು. ಆ ಮಕ್ಕಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಶಾಲೆಯಲ್ಲಿ ಬೆಳಗಾಗಿತ್ತು, ಅವರ ಮೈಯಲ್ಲಿ ಇನ್ನೂ ರಾತ್ರಿ ಇತ್ತು.

ಬ್ರಾಹ್ಮಿ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕತ್ತಲಾಗುತ್ತಲೇ ಉಂಡು ಎಂಟಕ್ಕೆ ಮಲಗಿದ ಮನೆಗಳಲ್ಲಿ ಅದು ಸರಿಯಾಗಿಯೇ ಇತ್ತು. ನಾಲ್ಕೂವರೆಗೆ ಅವರ ನಿದ್ದೆ ಮುಗಿದಿರುತ್ತಿತ್ತು. ನಮ್ಮ ಹುಡುಗಿಯ ವಿಷಯ ಬೇರೆ. ಮೈಯ ಬಿಸಿ ಅತಿ ಕಡಿಮೆಯಾಗುವುದು ತಾನಾಗಿ ಏಳುವ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ. ಅವಳಿಗೆ ಅದು 5:25ರ ಆಸುಪಾಸು. ಗಮನ, ನೆನಪು, ಲೆಕ್ಕ ಮಾಡುವ ಚುರುಕು ಎಲ್ಲವೂ ತಳ ಕಾಣುವ ಹೊತ್ತು ಅದು. ಅಲಾರಂ ಬಾರಿಸುತ್ತಿರುವುದು ಸರಿಯಾಗಿ ಆ ಗುಂಡಿಯ ಬಾಯಲ್ಲಿ.

ಐದು ಗಂಟೆ ನಿದ್ದೆಗೇ ಅಭ್ಯಾಸ ಆಗಿಬಿಡುತ್ತದೆ ಅನ್ನುವವರಿಗೆ ಸಿಂಗಪುರದ ಒಂದು ಪ್ರಯೋಗ ಉತ್ತರ ಕೊಡುತ್ತದೆ. 15ರಿಂದ 19 ವರ್ಷದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಸತತ ಏಳು ರಾತ್ರಿ ಐದೇ ಗಂಟೆ ಹಾಸಿಗೆ ಕೊಟ್ಟರು, ಇನ್ನೊಂದಕ್ಕೆ ಒಂಬತ್ತು ಗಂಟೆ. ಐದು ಗಂಟೆಯ ಗುಂಪಿನ ಗಮನ ದಿನದಿಂದ ದಿನಕ್ಕೆ ಕುಸಿಯಿತು. ಆಮೇಲೆ ಎರಡು ರಾತ್ರಿ ಒಂಬತ್ತು ಗಂಟೆ ಮಲಗಲು ಬಿಟ್ಟರೂ ಎಲ್ಲವೂ ಮೊದಲಿನಂತಾಗಲಿಲ್ಲ. ನಮ್ಮ ಮಕ್ಕಳಿಗೆ ವಾರಕ್ಕೆ ಸಿಗುವುದು ಎರಡು ಅಲ್ಲ, ಒಂದೇ ರಾತ್ರಿ.

ಆ ಒಂದು ರಾತ್ರಿಯಲ್ಲೂ ಒಂದು ತೊಡಕಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ಮುಂದಕ್ಕೆ ಬರುತ್ತದೆ, ರಾತ್ರಿಯ ಬೆಳಕು ಅದನ್ನು ಹಿಂದಕ್ಕೆ ತಳ್ಳುತ್ತದೆ. ಶನಿವಾರ ರಾತ್ರಿ 12:30ರವರೆಗೆ ದೀಪ, ಭಾನುವಾರ ಒಂಬತ್ತೂವರೆಯವರೆಗೆ ಕಿಟಕಿ ಮುಚ್ಚಿದ ಕೋಣೆ. ಗಡಿಯಾರ ಇನ್ನಷ್ಟು ಹಿಂದೆ ಸರಿಯುತ್ತದೆ, ಭಾನುವಾರ ರಾತ್ರಿ ನಿದ್ದೆ ಬರುವುದೇ ಇಲ್ಲ, ಸೋಮವಾರ ಎಲ್ಲಕ್ಕಿಂತ ಕಷ್ಟದ ದಿನವಾಗುತ್ತದೆ. ಅವಳ ಪುಟದಲ್ಲಿ ಸೋಮವಾರದ ಮೊದಲ ಪೀರಿಯಡ್ಡಿನ ಮುಂದೆ ಎರಡೂ ವಾರ "ತೂಕಡಿಕೆ" ಅಂತ ಇದೆ. ಆದ್ದರಿಂದ ಭಾನುವಾರ ಏಳೂವರೆ, ಹೆಚ್ಚೆಂದರೆ ಎಂಟಕ್ಕೆ ಎದ್ದು ಅಂಗಳಕ್ಕೆ ಬಂದು, ಬೇಕಾದರೆ ಮಧ್ಯಾಹ್ನ ಊಟದ ಮೇಲೆ ಸ್ವಲ್ಪ ಮಲಗುವುದು ಒಳ್ಳೆಯದು. ಸಂಜೆ ಮಾತ್ರ ಮಲಗಬಾರದು. ಸಾಲ ಕೊಂಚ ತೀರುತ್ತದೆ, ಗಡಿಯಾರ ಕೆಡುವುದಿಲ್ಲ. ಅಮ್ಮ ಬೈದದ್ದರಲ್ಲಿ ಅರ್ಧ ಸರಿ ಇತ್ತು ಅಂತ ನಾನು ಅವಳಿಗೆ ಹೇಳಿದ್ದೇನೆ.

ಮೊಬೈಲಿನ ಪಾಲು ಎಷ್ಟು? ರಾತ್ರಿ ಮುಖದ ಹತ್ತಿರ ಹಿಡಿದ ಬೆಳಕು, ಸಂಜೆ ಟ್ಯೂಷನ್ ಆದ ಮೇಲಿನ ಟೀ, ಇವೆಲ್ಲ ಸೇರಿ ಗಡಿಯಾರವನ್ನು ಇನ್ನೂ ತಡ ಮಾಡುತ್ತವೆ. ಅವನ್ನು ಕಡಿಮೆ ಮಾಡಿ, ಬೆಳಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಿಸಿಲಿಗೆ ಮುಖ ಕೊಟ್ಟರೆ ನಿದ್ದೆ ಬರುವ ಹೊತ್ತನ್ನು ಸ್ವಲ್ಪ ಬೇಗ ಮಾಡಬಹುದು. ಆದರೆ ಎರಡೂವರೆ ಗಂಟೆಯ ಕೊರತೆಯನ್ನು ಇದೊಂದರಿಂದಲೇ ತುಂಬಲು ಆಗುವುದಿಲ್ಲ. ಉಳಿದದ್ದು ಗಂಟೆ ಹೊಡೆಯುವವರ ಕೈಯಲ್ಲಿದೆ.

ಗಂಟೆಯನ್ನು ತಡ ಮಾಡಿ ನೋಡಿದವರಿದ್ದಾರೆ. ಸಿಯಾಟಲ್ ನಗರ 2016ರಲ್ಲಿ ತನ್ನ ಹೈಸ್ಕೂಲುಗಳನ್ನು 7:50ರಿಂದ 8:45ಕ್ಕೆ ಸರಿಸಿತು. "ಮಕ್ಕಳು ಅಷ್ಟೇ ತಡವಾಗಿ ಮಲಗುತ್ತಾರೆ ಬಿಡಿ" ಎಂಬ ಅನುಮಾನ ಅಲ್ಲೂ ಇತ್ತು. ವಿಜ್ಞಾನಿಗಳು ಮಕ್ಕಳ ಮಣಿಕಟ್ಟಿಗೆ ಅಲುಗಾಟ ಅಳೆಯುವ ಯಂತ್ರ ಕಟ್ಟಿ ನೋಡಿದರು. ಮಲಗುವ ಹೊತ್ತು ಹೆಚ್ಚುಕಮ್ಮಿ ಅಲ್ಲೇ ಉಳಿದು, ಏಳುವ ಹೊತ್ತು ಮಾತ್ರ ಸರಿದು, ನಿದ್ದೆ 34 ನಿಮಿಷ ಹೆಚ್ಚಿತ್ತು. ಆದರೆ ಹೋಲಿಸಿದ್ದು ಬೇರೆ ಬೇರೆ ವರ್ಷದ ಮಕ್ಕಳನ್ನು ಎಂಬುದನ್ನು ಮರೆಯಬಾರದು. ಸಿಂಗಪುರದ ಒಂದು ಹೆಣ್ಣುಮಕ್ಕಳ ಶಾಲೆ 7:30ರಿಂದ 8:15ಕ್ಕೆ ಸರಿದಾಗ ಸಿಕ್ಕ ಫಲ ಇದಕ್ಕಿಂತ ಚಿಕ್ಕದು. ಮಕ್ಕಳೇ ಹೇಳಿದ ಪ್ರಕಾರ ಹಾಸಿಗೆಯಲ್ಲಿ ಕಳೆಯುವ ಹೊತ್ತು 23 ನಿಮಿಷ ಹೆಚ್ಚಿತು. ಒಂಬತ್ತು ತಿಂಗಳ ನಂತರ ಮಣಿಕಟ್ಟಿನ ಯಂತ್ರ ತೋರಿಸಿದ ನಿಜವಾದ ನಿದ್ದೆಯ ಹೆಚ್ಚಳ 10 ನಿಮಿಷ. ಓದಿನ ಒತ್ತಡ ಜಾಸ್ತಿ ಇರುವ ಕಡೆ ಉಳಿಸಿದ ಹೊತ್ತಿನಲ್ಲಿ ಸ್ವಲ್ಪವನ್ನು ಪುಸ್ತಕ ತಿಂದುಬಿಡುತ್ತದೆ. ನಮ್ಮ ಊರುಗಳಿಗೆ ಹತ್ತಿರವಾಗಿರುವುದು ಸಿಂಗಪುರವೇ ಎಂದು ನನಗನಿಸುತ್ತದೆ. ಹಾಗಾಗಿ ದೊಡ್ಡ ಪವಾಡದ ಆಸೆ ಹುಟ್ಟಿಸಲಾರೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಎಂಟೂವರೆಗಿಂತ ಮುಂಚೆ ಹೈಸ್ಕೂಲು ಶುರು ಮಾಡಬೇಡಿ ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಕಾನೂನೇ ಆಗಿದೆ. ನಮ್ಮ ಪಕ್ಕದ ಮಹಾರಾಷ್ಟ್ರ 2024ರಲ್ಲಿ ಶಾಲೆ ಒಂಬತ್ತಕ್ಕಿಂತ ಮುಂಚೆ ಬೇಡ ಎಂದು ಆದೇಶ ಮಾಡಿತು, ಆದರೆ ನಾಲ್ಕನೇ ತರಗತಿಯವರೆಗೆ ಮಾತ್ರ. ಗಡಿಯಾರ ಹಿಂದೆ ಸರಿಯುವುದು ಆಮೇಲಿನ ವಯಸ್ಸಿನಲ್ಲಿ.

ಇನ್ನು ನಮ್ಮ ಜಿಲ್ಲೆಗಳ ಮಾತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲೇ ನೋಡಿ, ಸರ್ಕಾರಿ ಹೈಸ್ಕೂಲಿನ ಮೊದಲ ಗಂಟೆ ಹತ್ತರ ಹತ್ತಿರ ಹೊಡೆಯುತ್ತದೆ. ಆ ಗಂಟೆಯಿಂದ ತೊಂದರೆ ಇಲ್ಲ. ತೊಂದರೆ ಅದರ ಮುಂದೆ ಅಂಟಿಸಿದ್ದರಲ್ಲಿದೆ: ಎಸ್ಸೆಸ್ಸೆಲ್ಸಿ ವಿಶೇಷ ತರಗತಿ, ಸಿಇಟಿ ನೀಟ್ ಕೋಚಿಂಗ್ ಸೇರಿಸಿದ ಪಿಯು ಕಾಲೇಜಿನ ಬೆಳಗಿನ ಕ್ಲಾಸು, ಹಳ್ಳಿಹಳ್ಳಿ ಸುತ್ತಿ ಬರುವ ವ್ಯಾನು. ಮೊದಲು ಹತ್ತುವ ಮಗು ಕೊನೆಯ ಮಗುವಿಗಿಂತ ಒಂದು ಗಂಟೆ ಮುಂಚೆ ಎದ್ದಿರುತ್ತದೆ. ಕೋಲಾರದ ಕಡೆ ಹಾಲು ಕರೆದು ಡೈರಿಗೆ ಹಾಕಿ ಬರುವ ಮಕ್ಕಳಿಗೆ ಶಾಲೆ ಎಷ್ಟು ತಡವಾದರೂ ಬೆಳಗು ಐದಕ್ಕೇ. ಅವರಿಗೆ ಗಂಟೆ ಸರಿಸುವುದರಿಂದ ಲಾಭ ಕಡಿಮೆ, ಮನೆಯಲ್ಲಿ ಸರದಿ ಹಾಕಿಕೊಂಡರೆ ಜಾಸ್ತಿ. ನೀಟ್ ಪರೀಕ್ಷೆ ನಡೆಯುವುದು ಮಧ್ಯಾಹ್ನ ಎರಡಕ್ಕೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಬೆಳಗಿನ ಏಳಕ್ಕೆ ಟೆಸ್ಟ್ ಬರೆಸುವುದಕ್ಕೆ ಪರೀಕ್ಷೆಯ ಕಡೆಯಿಂದಲೂ ಕಾರಣ ಸಿಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು ಕೋರ್ಸಿನ ಗೆಳೆಯರಿಗೆ. ತೂಕಡಿಸುವ ಮಗುವನ್ನೆಲ್ಲ ನಿದ್ದೆಗೆಟ್ಟ ಮಗು ಎನ್ನಬೇಡಿ. ಕೆಲವು ದಿನ ರಜೆಯಲ್ಲಿ ಚೆನ್ನಾಗಿ ಮಲಗಿದ ಮೇಲೆ ಚುರುಕಾದರೆ ಅದು ನಿದ್ದೆಯ ಸಾಲ. ಒಂಬತ್ತು ಗಂಟೆ ಮಲಗಿದರೂ ಸುಸ್ತು ಹೋಗದಿದ್ದರೆ ಬೇರೆ ನೋಡಬೇಕು. ಹೆಣ್ಣುಮಕ್ಕಳಲ್ಲಿ ಮೊದಲು ರಕ್ತಹೀನತೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟುವ ಮಗುವಿಗೆ ಡಾಕ್ಟರ ಹತ್ತಿರ ಕರೆದೊಯ್ಯಲು ಹೇಳಿ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವ ಮಗುವಿನ ಜೊತೆ ಅವತ್ತೇ ಕೂತು ಮಾತಾಡಿ, ಅಲ್ಲಿಗೆ ಬಿಡದೆ ಡಾಕ್ಟರಿಗೂ ತೋರಿಸಿ.

ನಮ್ಮಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಆ ಲೆಕ್ಕವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದೆ. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಬೆಳಗಿನ ಕ್ಲಾಸನ್ನು ಒಂದು ತಿಂಗಳ ಮಟ್ಟಿಗೆ ಎಂಟೂವರೆಗೆ ಸರಿಸಿ, ಕಳೆದ ಗಂಟೆಯನ್ನು ಊಟದ ನಂತರದ ಬಿಡುವಿನ ಪೀರಿಯಡ್ಡುಗಳಿಗೆ ಹಂಚಿದೆವು. ಅವಳಿಗೆ ಮುಂದಿನ ಬಸ್ಸು 7:25ಕ್ಕೆ ಸಿಕ್ಕಿತು. ಆ ತಿಂಗಳ ಪುಟದಲ್ಲಿ ಹೆಚ್ಚಿನ ದಿನ 11:50ರಿಂದ 6:05 ಅಂತ ಇದೆ. 6 ಗಂಟೆ 15 ನಿಮಿಷ, ಅಂದರೆ ಮೊದಲಿಗಿಂತ 55 ನಿಮಿಷ ಜಾಸ್ತಿ. ಬೇಕಾದ ಎಂಟಕ್ಕೆ ಇನ್ನೂ ಒಂದೂಮುಕ್ಕಾಲು ಗಂಟೆ ಕಮ್ಮಿ. ಒಬ್ಬಳ ಒಂದು ತಿಂಗಳಿನಿಂದ ಏನನ್ನೂ ಸಾಬೀತು ಮಾಡಲಾಗದು. ಭಾನುವಾರ ಅವಳು ಎಂಟಕ್ಕೆ ತಾನಾಗಿ ಎದ್ದಿದ್ದಾಳೆ. ಎರಡು ಬುಧವಾರದ ಪಕ್ಕದಲ್ಲಿ ಮಾತ್ರ ಮತ್ತೆ 12:30 ಅಂತ ಇದೆ, ಮುಂದೆ ಅದೇ ಎರಡು ಪದ: ಹುಳಕ್ಕೆ ಸೊಪ್ಪು.